ಪಕ್ಕಪಕ್ಕ ಕೂತ ಇಬ್ಬರು ಆಪರೇಟರ್‌ಗಳಿಗೂ ನನ್ನ ಒಂದೇ ಮೆಸೇಜ್ ಹೋಯ್ತು. ಮೊದಲ ಮೆಸೇಜ್ ಹೇಗೆ ಬರೀಬೇಕು?

ರಿಂಗ್ ರೋಡ್ ಹುಡುಗಿ

ಮೊದಲು ನನ್ನ ಮಾನ ಹೋದ ಕಥೆ ಹೇಳ್ತೀನಿ, ಆಮೇಲೆ ಪ್ರಶ್ನೆ.

ನಾನು ಕಲಬುರಗಿಯವಳು. ಒಂಬತ್ತು ತಿಂಗಳಿಂದ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕಂಪನಿಗಳಿಗೆ ಜನ ಹುಡುಕಿ ಕೊಡುವ ಕೆಲಸ ಮಾಡ್ತಿದ್ದೀನಿ. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಇಬ್ಬರು ಸಿಸಿಆರ್ ಆಪರೇಟರ್ ಬೇಕು, ಅಂದರೆ ಕಂಟ್ರೋಲ್ ರೂಮಿನ ಪರದೆ ಮುಂದೆ ಕೂತು ಮಷಿನ್ ನಡೆಸುವವರು. ಅದರಲ್ಲೂ ಸುಣ್ಣಕಲ್ಲಿನ ಪುಡಿ ಸುಡುವ ಕುಲುಮೆ, ಕಿಲ್ನ್, ನಡೆಸಿ ಗೊತ್ತಿರುವವರು. ಕೆಲಸ ಹುಡುಕುತ್ತಿರುವವರ ಸಿವಿ ಬಂದವು, ಕಂಪನಿಗೆ ಯಾವುದೂ ಹಿಡಿಸಲಿಲ್ಲ. ಅವರಿಗೆ ಬೇಕಾದವರು ಈಗ ವಾಡಿ, ಚಿತ್ತಾಪುರ, ಮಳಖೇಡ, ಚಿಂಚೋಳಿ ಕಡೆ ಬೇರೆ ಕಾರ್ಖಾನೆಗಳಲ್ಲಿ ಆರಾಮಾಗಿ ಇದ್ದಾರೆ. ಅಂಥವರು ನೌಕರಿ ಪೋರ್ಟಲ್ ತೆರೆದೇ ನೋಡಲ್ಲ.

ಹೇಗೋ 40 ನಂಬರ್ ಸಿಕ್ಕವು. ವಾಟ್ಸಾಪ್‌ನಲ್ಲಿ ಇದನ್ನ ಕಳಿಸಿದೆ:

"ಡಿಯರ್ ಕ್ಯಾಂಡಿಡೇಟ್, ನಿಮ್ಮ ವಿಶಿಷ್ಟ ಪ್ರೊಫೈಲ್ ನೋಡಿ ತುಂಬಾ ಇಂಪ್ರೆಸ್ ಆದೆವು. ಹೆಸರಾಂತ ಸಿಮೆಂಟ್ ಕಂಪನಿಯಲ್ಲಿ ಅರ್ಜೆಂಟ್ ಓಪನಿಂಗ್ ಇದೆ. ಅನುಭವ 5-10 ವರ್ಷ. ಸಂಬಳ ಉತ್ತಮ. ಆಸಕ್ತಿ ಇದ್ದರೆ ಸಿವಿ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್ ಕಳಿಸಿ. ಸ್ನೇಹಿತರಿಗೂ ಫಾರ್ವರ್ಡ್ ಮಾಡಿ."

ಬಂದದ್ದು ಎರಡು ಉತ್ತರ. ಒಂದು: "ಯಾರ್ ಕೊಟ್ಟಾರ್ರಿ ನನ್ನ ನಂಬರ್?" ಇನ್ನೊಂದು ಬರೀ ಫೋಟೋ. ಎರಡು ಮೊಬೈಲ್ ಪಕ್ಕಪಕ್ಕ ಇಟ್ಟು ತೆಗೆದದ್ದು. ಎರಡರಲ್ಲೂ ನನ್ನದೇ ಮೆಸೇಜ್. ಕೆಳಗೆ ಒಂದು ಸಾಲು: "ಮೇಡಂ, ನಾವಿಬ್ಬರೂ ಒಂದೇ ಶಿಫ್ಟಿನಾಗ ಬಾಜೂ ಕುರ್ಚಿ ಮ್ಯಾಲ ಕುಂತೀವಿ. ಇಬ್ಬರದೂ ಪ್ರೊಫೈಲ್ ವಿಶಿಷ್ಟ ಹೌದ್ರಿ?"

ಆ ದಿನ ಊಟ ಸೇರಲಿಲ್ಲ. ಈಗ ಪ್ರಶ್ನೆ: ಕೆಲಸ ಹುಡುಕದೇ ಇರುವವರಿಗೆ ಮೊದಲ ಮೆಸೇಜ್ ಬರೆಯುವಾಗ ಹುದ್ದೆ ಏನು ಅಂತಲೂ ಗೊತ್ತಾಗಬೇಕು, ಊರಿಗೆಲ್ಲ ಹಂಚಿದ ಕರಪತ್ರದ ಥರ ಕಾಣಲೂಬಾರದು. ಹೇಗೆ?

ಬಿದ್ರಿ

ಬೀದರಿನವನು, ಈಗ ಹೈದರಾಬಾದಿನಲ್ಲಿ ಐಟಿ ರಿಕ್ರೂಟರ್. ನಿಮ್ಮ ತಪ್ಪು ಸರಳ. ಹೆಸರು ಹಾಕಿಲ್ಲ. ಎಕ್ಸೆಲ್ ಶೀಟಿನಲ್ಲಿ ಹೆಸರು, ಕಂಪನಿ, ಹುದ್ದೆ, ಅನುಭವ ಅಂತ ನಾಲ್ಕು ಕಾಲಂ ಮಾಡಿ. ಮೆಸೇಜಿನಲ್ಲಿ ಆ ಜಾಗಗಳಿಗೆ ತಾನಾಗೇ ತುಂಬಿಕೊಳ್ಳುವ ಹಾಗೆ ಮಾಡಿ. "ನಮಸ್ಕಾರ ಇಂಥವರೇ, ಇಂಥ ಕಂಪನಿಯಲ್ಲಿ ನಿಮ್ಮ ಎಂಟು ವರ್ಷದ ಅನುಭವ ನೋಡಿದೆ" ಅಂತ ಬಂದರೆ ಯಾರಿಗೂ ಅದು ಸಾಮೂಹಿಕ ಅಂತ ಗೊತ್ತಾಗಲ್ಲ.

ಚಿಕ್ಕದಾಗಿಯೂ ಇರಲಿ. ಲಿಂಕ್ಡ್‌ಇನ್‌ನಲ್ಲಿ ಇನ್‌ಮೇಲ್ ಕಳಿಸುವುದಾದರೆ 400 ಅಕ್ಷರದೊಳಗಿನವಕ್ಕೆ ಉತ್ತರ ಜಾಸ್ತಿ ಬರುತ್ತೆ ಅಂತ ಆ ಕಂಪನಿಯೇ ಹೇಳಿದೆ. ಇನ್ನೊಂದು, 90 ದಿನದೊಳಗೆ ಅವರು ಉತ್ತರ ಕೊಟ್ಟರೆ ಆ ಮೆಸೇಜಿಗೆ ಖರ್ಚಾದ ಕ್ರೆಡಿಟ್ ವಾಪಸ್ ಬರುತ್ತೆ. ಬೇಡ ಅಂದರೂ ಬರುತ್ತೆ. ಹಾಗಾಗಿ ಬೇಡ ಅನ್ನೋದಕ್ಕೂ ಸುಲಭ ಮಾಡಿಕೊಡಿ.

ಸಂಬಳ ಮಾತ್ರ ಮೊದಲ ಮೆಸೇಜಿನಲ್ಲಿ ಹೇಳಲೇಬೇಡಿ.

ಬಿ ಶಿಫ್ಟ್

ನಾನು ಕಿಲ್ನ್ ಆಪರೇಟರ್. ಎಲ್ಲಿ ಅಂತ ಹೇಳಲ್ಲ. ಆ ಫೋಟೋ ಕಳಿಸಿದವನು ನಾನಲ್ಲ, ಆದರೆ ನಾನಾದರೂ ಅದನ್ನೇ ಮಾಡ್ತಿದ್ದೆ.

ಹೆಸರು ಹಾಕಿದರೆ ಗೊತ್ತಾಗಲ್ಲ ಅನ್ನುವುದು ಸುಳ್ಳು, ಬಿದ್ರಿ ಅಣ್ಣಾ. ನನಗೆ ತಿಂಗಳಿಗೆ ನಾಲ್ಕೈದು ಬರುತ್ತವೆ. "ಶ್ರೀಯುತ ಇಂಥವರೇ" ಅಂತ ಶುರುವಾಗುತ್ತೆ, ಕೊನೆಗೆ "ಪ್ಯಾಕಿಂಗ್ ಪ್ಲಾಂಟ್ ಆಪರೇಟರ್ ಬೇಕು" ಅಂತಿರುತ್ತೆ. ನಾನು ಪ್ಯಾಕಿಂಗ್ ಕಡೆ ತಲೆ ಹಾಕದೆ ಆರು ವರ್ಷ ಆಯ್ತು. ಹೆಸರು ಸರಿ, ಮನುಷ್ಯ ತಪ್ಪು.

ಮೆಸೇಜ್ ತೆರೆದ ಕೂಡಲೇ ನಾನು ನೋಡೋದು ಇಷ್ಟೇ. ಮೇಲೆ "ಫಾರ್ವರ್ಡ್ ಆಗಿದೆ" ಅನ್ನುವ ಸಣ್ಣ ಬಾಣದ ಗುರುತು ಇದೆಯಾ? ಇದ್ದರೆ ಮುಂದೆ ಓದಲ್ಲ. ಕಿಲ್ನ್‌ಗೋ, ಮಿಲ್‌ಗೋ ಅಂತ ಬರೆದಿದ್ದಾರಾ? "ಸಿಸಿಆರ್ ಆಪರೇಟರ್" ಅಂದರೆ ಅರ್ಧ ಮಾತು. ರಾ ಮಿಲ್, ಕಿಲ್ನ್, ಸಿಮೆಂಟ್ ಮಿಲ್ ಎಲ್ಲ ಒಂದೇ ಕೋಣೆಯಿಂದ ನಡೆಯುತ್ತವೆ, ಆದರೆ ಕಿಲ್ನ್ ಸಂಭಾಳಿಸುವವನ ಕೆಲಸವೇ ಬೇರೆ. ಅದು ಗೊತ್ತಿಲ್ಲದವರು ಬರೆದಿದ್ದು ಅಂತ ಒಂದೇ ಸಾಲಿಗೆ ತಿಳಿಯುತ್ತೆ.

ಆಮೇಲೆ ಆ ನಾಲ್ಕು ಪ್ರಶ್ನೆ. ಸಿವಿ ಕೊಡು, ಸಂಬಳ ಹೇಳು, ಎಷ್ಟು ಬೇಕು ಹೇಳು, ಯಾವಾಗ ಬರ್ತೀಯ ಹೇಳು. ನಾನು ಕೆಲಸ ಕೇಳಿದ್ದೆನಾ? ಹೆಣ್ಣು ನೋಡೋಕೆ ಬಂದವರು ಚಹಾ ಕುಡಿಯೋಕ್ಕಿಂತ ಮೊದಲೇ ವರದಕ್ಷಿಣೆ ಕೇಳಿದ ಹಾಗೆ.

ರಿಂಗ್ ರೋಡ್ ಹುಡುಗಿ

ಬಾಣದ ಗುರುತು ನನ್ನದರಲ್ಲೂ ಇತ್ತು. ಮೊದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಕಳಿಸಿದ್ದೆ. ಒಂದೇ ಟಿಕ್‌ನಲ್ಲಿ ನಿಂತುಬಿಟ್ಟವು. ಆಮೇಲೆ ಐದೈದು ಜನರಿಗೆ ಫಾರ್ವರ್ಡ್ ಮಾಡಿದೆ.

ಹಳೇ ರಿಜಿಸ್ಟರ್

ನಿಲ್ಲಲೇಬೇಕು. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮೆಸೇಜ್ ಮುಟ್ಟುತ್ತೆ. ಗುರುತಿಲ್ಲದ 40 ಜನ ನಿಮ್ಮ ನಂಬರ್ ಯಾಕೆ ಸೇವ್ ಮಾಡಿಕೊಂಡಿರುತ್ತಾರೆ? ನಿಮ್ಮ ಪುಣ್ಯ, ಮೊದಲ ಸುತ್ತು ಯಾರಿಗೂ ಹೋಗಲಿಲ್ಲ.

ನಾನು ಚಿತ್ತಾಪುರ ಕಡೆಯವನು. ಹನ್ನೊಂದು ವರ್ಷ ಕಾರ್ಖಾನೆ ಎಚ್‌ಆರ್‌ನಲ್ಲಿದ್ದೆ, ಈಗ ಆರು ವರ್ಷದಿಂದ ನಿಮ್ಮದೇ ಕೆಲಸ. ತಂಗಿ, ಒಂದು ಕೇಳ್ತೀನಿ. ಆ ಹುದ್ದೆ ಯಾಕೆ ಖಾಲಿ ಇದೆ?

ರಿಂಗ್ ರೋಡ್ ಹುಡುಗಿ

ಗೊತ್ತಿಲ್ಲ ಸರ್. ಕಂಪನಿ ಎಚ್‌ಆರ್ ಎರಡು ಪುಟದ ಜೆಡಿ, ಅಂದರೆ ಹುದ್ದೆಯ ವಿವರ, ಕಳಿಸಿದ್ದಾರೆ. ಅದರಲ್ಲಿ ಡಿಪ್ಲೊಮಾ ಅಥವಾ ಬಿಇ ಕೆಮಿಕಲ್, 5-10 ವರ್ಷ, ತಂಡದಲ್ಲಿ ಕೆಲಸ ಮಾಡುವ ಗುಣ, ಇಂಥವೇ ಇದೆ.

ಹಳೇ ರಿಜಿಸ್ಟರ್

ಹಾಗಾದರೆ ನಿಮ್ಮ ಮೆಸೇಜ್ ಹಾಳಾದದ್ದು ಬರೆಯುವಾಗ ಅಲ್ಲ. ಬರೆಯೋಕೆ ನಿಮ್ಮ ಕೈಯಲ್ಲಿ ಏನೂ ಇರಲೇ ಇಲ್ಲ. ಇರುವ ಕೆಲಸ ಬಿಟ್ಟು ಬರುವವನಿಗೆ ಜೆಡಿಯಿಂದ ಉಪಯೋಗವಿಲ್ಲ. ಜೆಡಿಯಲ್ಲಿರೋದನ್ನೆಲ್ಲ ಅವನು ಈಗಾಗಲೇ ಮಾಡುತ್ತಿದ್ದಾನೆ, ಅದಕ್ಕೇ ತಾನೇ ನೀವು ಅವನ ಹಿಂದೆ ಬಿದ್ದಿರೋದು? ಅವನಿಗೆ ಬೇಕಾದದ್ದು, ಇಲ್ಲಿಲ್ಲದ್ದು ಅಲ್ಲೇನಿದೆ ಅನ್ನುವ ಮಾತು. ಅದು ಎಚ್‌ಆರ್ ಹತ್ತಿರ ಇರಲ್ಲ. ಪ್ರೊಸೆಸ್ ಹೆಡ್ ಹತ್ತಿರ ಇರುತ್ತೆ.

ಎಚ್‌ಆರ್‌ಗೆ ಹೇಳಿ ಪ್ರೊಸೆಸ್ ಹೆಡ್ ಜೊತೆ ಹದಿನೈದು ನಿಮಿಷದ ಫೋನ್ ತಗೊಳ್ಳಿ. ಮೂರೇ ಕೇಳಿ. ಯಾಕೆ ಖಾಲಿ ಆಯ್ತು? ಬಂದವನಿಗೆ ಮೊದಲ ಆರು ತಿಂಗಳಲ್ಲಿ ಯಾವುದು ತಲೆನೋವಾಗುತ್ತೆ? ನಿಮ್ಮ ಈಗಿನ ಆಪರೇಟರ್‌ಗಳಲ್ಲಿ ಯಾರು ಚೆನ್ನಾಗಿದ್ದಾರೆ, ಅವರಿಗೆ ಏನು ಗೊತ್ತು? ಮೂರನೆಯದನ್ನ ಬಿಡಬೇಡಿ. ಜೆಡಿಯಲ್ಲಿ ಇಲ್ಲದ ಅರ್ಹತೆ ಅದರಲ್ಲಿ ಹೊರಬೀಳುತ್ತೆ.

ಕೊಡಲ್ಲ ಅಂದರೆ, ಆ ಹುದ್ದೆಗೆ ಜಾಸ್ತಿ ಹೊತ್ತು ಹಾಳುಮಾಡಬೇಡಿ.

ಭೀಮಾ ತೀರ

ಮೇಡಂ ನಮಸ್ಕಾರ. ಯಾದಗಿರಿ ಜಿಲ್ಲೆಯವನು. ನನ್ನ ತಮ್ಮ ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದಾನೆ, 2 ವರ್ಷ ಆಯ್ತು. 371ಜೆ ಸರ್ಟಿಫಿಕೇಟ್ ಇದೆ. ಈ ಕಾರ್ಖಾನೆಯಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಎಷ್ಟು? ಅವನ ಸಿವಿ ಯಾವ ನಂಬರಿಗೆ ಕಳಿಸಲಿ?

ಹಳೇ ರಿಜಿಸ್ಟರ್

ಅಣ್ಣಾ, 371ಜೆ ಇರೋದು ಸರ್ಕಾರಿ ನೌಕರಿಗೆ ಮತ್ತು ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಗೆ ಆ ಸರ್ಟಿಫಿಕೇಟ್ ಕೇಳಲ್ಲ. ಇಲ್ಲಿ ಮಾತಾಡ್ತಿರೋದು ಈಗಾಗಲೇ ಕೆಲಸದಲ್ಲಿ ಇರುವವರಿಗೆ ಹೇಗೆ ಬರೀಬೇಕು ಅಂತ. ತಮ್ಮನಿಗೆ ಅಪ್ರೆಂಟಿಸ್‌ಶಿಪ್ ಕೇಳಿ ನೋಡಲಿ, ವಾಡಿ, ಸೇಡಂ ಕಡೆ ಕಾರ್ಖಾನೆಗಳಲ್ಲಿ ತಗೊಳ್ತಾರೆ.

ತೊಗರಿ ಬ್ಯಾಳಿ

ನಿಮ್ಮ ಮಾತು ಓದಿ ಹೊಟ್ಟೆ ಉರಿದು ಬರೀತಿದ್ದೀನಿ. ನನ್ನದು ದಾಲ್ ಮಿಲ್, ಕಲಬುರಗಿಯಲ್ಲೇ. ಏಳು ವರ್ಷ ನನ್ನ ಹತ್ತಿರ ಇದ್ದ ಸಾರ್ಟೆಕ್ಸ್ ಆಪರೇಟರ್‌ನ ಯಾರೋ ಒಬ್ಬ ಒಂದೇ ಮೆಸೇಜಿನಲ್ಲಿ ಎಬ್ಬಿಸಿಕೊಂಡು ಹೋದ. ಸೀಸನ್ ನಡುವೆ, ಜನವರಿಯಲ್ಲಿ, ಹೊಸ ತೊಗರಿ ಗಾಡಿ ಸಾಲುಗಟ್ಟಿ ನಿಂತಿತ್ತು. ಆ ಬಣ್ಣ ಬೇರ್ಪಡಿಸುವ ಮಷಿನ್ ಸೆಟ್ಟಿಂಗ್ ಅವನೊಬ್ಬನಿಗೇ ಗೊತ್ತಿತ್ತು. ನೀವು ಇದಕ್ಕೆ ಪಾಠ ಬೇರೆ ಹೇಳಿಕೊಡ್ತೀರಲ್ಲ.

ರಿಂಗ್ ರೋಡ್ ಹುಡುಗಿ

ಬೇಜಾರು ಮಾಡ್ಕೋಬೇಡಿ ಕಾಕಾ. ಆದರೆ ಆ ಮೆಸೇಜಿನಲ್ಲಿ ಏನಿತ್ತು, ನೋಡಿದ್ರಾ?

ತೊಗರಿ ಬ್ಯಾಳಿ

ನೋಡಿದೆ. ಹೋಗುವ ದಿನ ಅವನೇ ತೋರಿಸಿದ. ನಾಲ್ಕೇ ಸಾಲು. "ನಿಮ್ಮ ಮಿಲ್ಲಿನ ಬೇಳೆ ಮಾರ್ಕೆಟ್‌ನಲ್ಲಿ ನೋಡಿದೆ, ಕರಿ ಕಾಳು ಒಂದೂ ಇರಲಿಲ್ಲ. ಮಷಿನ್ ನೋಡಿಕೊಳ್ಳೋದು ನೀವು ಅಂತ ಕೇಳಿ ತಿಳಿದೆ. ನಮ್ಮಲ್ಲಿ ಹೊಸ ಮಷಿನ್ ಕೂರಿಸ್ತಿದ್ದೀವಿ, ಕಂಪನಿಯವರು ಬಂದಾಗ ಜೊತೆಗಿದ್ದು ಕಲಿಯಬಹುದು. ಇರೋಕೆ ಕೋಣೆ ಇದೆ." ಅಷ್ಟೇ. ಸಂಬಳ ನನ್ನದಕ್ಕಿಂತ ಬರೀ ಎರಡು ಸಾವಿರ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು. ಏಳು ವರ್ಷದಲ್ಲಿ ನಾನು ಅವನಿಗೆ ಒಂದು ಸಲವೂ "ಕರಿ ಕಾಳು ಒಂದೂ ಇಲ್ಲ" ಅಂದಿರಲಿಲ್ಲ. ಅದು ನನ್ನ ತಪ್ಪು ಇರಬಹುದು. ಸಿಟ್ಟಂತೂ ಹೋಗಿಲ್ಲ.

ಹಳೇ ರಿಜಿಸ್ಟರ್

ಬ್ಯಾಳಿ ಸಾಹುಕಾರ್ರ ಸಿಟ್ಟಿನಲ್ಲೇ ಉತ್ತರ ಇದೆ. ಬರೆದವನು ಅವರ ಆಪರೇಟರ್‌ನ ಹೆಸರನ್ನ ಹೊಗಳಲಿಲ್ಲ, ಅವನ ಕೈಯಿಂದ ಹೊರಟ ಬೇಳೆ ಹೊಗಳಿದ. ಆ ಸಾಲು ಊರಿನಲ್ಲಿ ಇನ್ಯಾರಿಗೂ ಕಳಿಸೋಕೆ ಆಗಲ್ಲ.

ಬಿದ್ರಿ

ಒಪ್ಪಿದೆ. ಆದರೆ ಸಾಫ್ಟ್‌ವೇರ್‌ನಲ್ಲಿ ನನಗೆ ವಾರಕ್ಕೆ 100 ಜನರಿಗೆ ಬರೆಯೋದಿರುತ್ತೆ. ಒಬ್ಬೊಬ್ಬರ ಬೇಳೆ ಮಾರ್ಕೆಟ್‌ಗೆ ಹೋಗಿ ನೋಡ್ತಾ ಕೂರೋಕಾಗಲ್ಲ.

ಹಳೇ ರಿಜಿಸ್ಟರ್

ನಿಮ್ಮದು ಸಮುದ್ರ, ನಮ್ಮದು ಬಾವಿ. ಇಡೀ ಈ ಭಾಗದಲ್ಲಿ ಕಿಲ್ನ್ ನಡೆಸಿ ಗೊತ್ತಿರುವವರು ಕೈಬೆರಳಲ್ಲಿ ಎಣಿಸಿದರೂ ಬೇಗ ಮುಗಿದುಹೋಗ್ತಾರೆ. ಎಲ್ಲರೂ ಎಲ್ಲರಿಗೂ ಗೊತ್ತು. ಒಂದೇ ಕಾಲೊನಿ, ಒಂದೇ ಮದುವೆ ಮನೆ, ಒಂದೇ ರೈಲು. ನಿಮ್ಮಲ್ಲಿ 100 ಜನರಿಗೆ ಬರೆದು 95 ಜನ ಮರೆತರೆ ನಷ್ಟ ಇಲ್ಲ. ಇಲ್ಲಿ 40 ಜನರಿಗೆ ತಪ್ಪು ಮೆಸೇಜ್ ಹೋದರೆ ಮುಂದಿನ ಮೂರು ವರ್ಷ ನಿಮ್ಮ ನಂಬರ್‌ನ ಯಾರೂ ಎತ್ತಲ್ಲ.

ರಿಂಗ್ ರೋಡ್ ಹುಡುಗಿ

ಮೂರು ದಿನ ಬಿಟ್ಟು ಬರೀತಿದ್ದೀನಿ. ಪ್ರೊಸೆಸ್ ಹೆಡ್ ಹತ್ತು ನಿಮಿಷ ಕೊಟ್ಟರು, ಮಾತಾಡಿದ್ದು ಇಪ್ಪತ್ತೈದು. ಸಿಕ್ಕಿದ್ದು ಇಷ್ಟು:

ಯಾಕೆ ಖಾಲಿ? ಇಬ್ಬರು ಗಲ್ಫ್‌ಗೆ ಹೋದರು. ಜಗಳ ಆಗಿ ಬಿಟ್ಟದ್ದಲ್ಲ.

ತಲೆನೋವು ಯಾವುದು? ಎಂಟು ತಿಂಗಳಿಂದ ಕಲ್ಲಿದ್ದಲಿನ ಜೊತೆ ಪ್ಲಾಸ್ಟಿಕ್ ಕಸ ಉರಿಸೋಕೆ ಶುರು ಮಾಡಿದ್ದಾರೆ. ಕಸ ಒಂದೊಂದು ಲೋಡಿಗೆ ಒಂದೊಂದು ಥರ, ಕೆಲವು ಸಲ ಹಸಿ. ಅದರ ಕ್ಲೋರಿನ್‌ನಿಂದ ಕಿಲ್ನ್ ಬಾಯಿಯ ಹತ್ತಿರ ಪೊರೆ ಕಟ್ಟುತ್ತೆ, ಪುಡಿ ಬಿಸಿ ಮಾಡುವ ಪ್ರಿಹೀಟರ್ ಗೋಪುರದ ಸೈಕ್ಲೋನ್‌ಗಳು ಜಾಮ್ ಆಗ್ತವೆ. ಅವರ ಈಗಿನ ಆಪರೇಟರ್‌ಗಳು ಹೆದರಿ ಫೀಡ್ ಇಳಿಸಿಬಿಡ್ತಾರೆ. "ಹೆದರದೆ, ಹುಚ್ಚುತನವನ್ನೂ ಮಾಡದೆ ನಡೆಸುವವನು ಬೇಕು" ಅಂದರು.

ಚೆನ್ನಾಗಿರುವವನು ಯಾರು? ಡಿಪ್ಲೊಮಾ ಓದಿದ ಒಬ್ಬರು. ಮೊದಲು ಎರಡು ವರ್ಷ ಫೀಲ್ಡಿನಲ್ಲಿ ಪ್ರಿಹೀಟರ್ ಮೇಲೆ ನಿಂತು ಜಾಮ್ ತೆಗೆದವರು. ಹಾಗಾಗಿ ಪರದೆ ಮೇಲೆ ಪ್ರೆಶರ್ ಸ್ವಲ್ಪ ಕದಲಿದರೂ ಮೇಲೆ ಏನಾಗ್ತಿದೆ ಅಂತ ಅವರಿಗೆ ಹೊಳೆಯುತ್ತೆ. ಜೆಡಿಯಲ್ಲಿ ಫೀಲ್ಡ್ ಅನುಭವದ ಮಾತೇ ಇರಲಿಲ್ಲ!

ಜೊತೆಗೆ: ಕ್ವಾರ್ಟರ್ಸ್ ಇದೆ, ಆದರೆ ಮೂರು ತಿಂಗಳು ಕಾಯಬೇಕು. ಕಾಲೊನಿ ಶಾಲೆ 10ನೇವರೆಗೆ. ಸಿಟಿಸಿ ಏಳೂವರೆಯಿಂದ ಒಂಬತ್ತು ಲಕ್ಷ.

ನನ್ನ 40 ಜನರ ಪಟ್ಟಿಯನ್ನ ಈ ಕಣ್ಣಿನಿಂದ ಮತ್ತೆ ನೋಡಿದೆ. ಆರೇ ಜನ ಉಳಿದರು.

ಇನ್ನೊಂದು ತೊಡಕು. ಕಂಪನಿ ಹೆಸರು ಹೇಳಬೇಡಿ ಅಂದಿದ್ದಾರೆ.

ಬಿ ಶಿಫ್ಟ್

ಹೆಸರು ಹೇಳದಿದ್ದರೂ ನನಗೆ ಗೊತ್ತಾಯ್ತು. ಯಾರು ಕಸ ಉರಿಸ್ತಿದ್ದಾರೆ, ಯಾರ ಇಬ್ಬರು ಗಲ್ಫ್‌ಗೆ ಹೋದರು ಅಂತ ಈ ಭಾಗಕ್ಕೆಲ್ಲ ಗೊತ್ತು. ಈಗ ಓದಿದ ಉಳಿದವರಿಗೂ ಗೊತ್ತಾಗಿರುತ್ತೆ.

ಹಳೇ ರಿಜಿಸ್ಟರ್

ತಂಗಿ, ಈ ವಿವರವನ್ನ ಇಲ್ಲಿ ಇಷ್ಟು ಬಿಡಿಸಿ ಹಾಕಬಾರದಿತ್ತು. ಮುಂದೆ ನೆನಪಿಡಿ.

ಹೆಸರಿನ ವಿಷಯ. ಕಂಪನಿಗಳು ಹೆಸರು ಬೇಡ ಅನ್ನೋಕೆ ಎರಡು ಕಾರಣ. ಪಕ್ಕದ ಕಾರ್ಖಾನೆಯವರು "ನಮ್ಮ ಹುಡುಗರನ್ನ ಎಳೀತಿದ್ದಾರೆ" ಅಂತ ಸಿಟ್ಟಾಗ್ತಾರೆ. ತಮ್ಮಲ್ಲೇ ಇರುವ ಆಪರೇಟರ್‌ಗಳಿಗೆ ಹೊಸಬನ ಸಂಬಳ ತಿಳಿದರೆ ರಗಳೆ. ಎರಡೂ ನಿಜವೇ. ನಾನು ಕಂಪನಿಗೆ ಹೇಳೋದು ಹೀಗೆ: ವಿವರ ಬರೆದರೆ ಹೆಸರು ತಾನೇ ಗೊತ್ತಾಗುತ್ತೆ, ವಿವರ ಬಿಟ್ಟರೆ ಯಾರೂ ಉತ್ತರಿಸಲ್ಲ, ಯಾವುದು ಬೇಕು? ಅರ್ಧ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಮೆಸೇಜಿನಲ್ಲಿ "ಹೆಸರು ಫೋನಿನಲ್ಲಿ ಹೇಳ್ತೀನಿ, ಈಗ ಬರೆಯೋಕೆ ಅನುಮತಿ ಇಲ್ಲ" ಅಂತ ನೇರ ಬರೀರಿ. "ಹೆಸರಾಂತ ಕಂಪನಿ" ಅನ್ನೋದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ತೊಗರಿ ಬ್ಯಾಳಿ

ಸಂಬಳ ಬರೆದರೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ಸ್ಕ್ರೀನ್‌ಶಾಟ್ ಗ್ರೂಪಿಗೆ ಬೀಳುತ್ತೆ. ಮರುದಿನ ಆ ಕಂಪನಿಯ ಹಳೇ ಆಪರೇಟರ್ ಮ್ಯಾನೇಜರ್ ಬಾಗಿಲಲ್ಲಿ ನಿಂತಿರುತ್ತಾನೆ. ಬಿದ್ರಿ ಹೇಳಿದ್ದು ಈ ಲೆಕ್ಕಕ್ಕೆ ಸರಿ.

ಬಿದ್ರಿ

ಅಂತೂ ಒಬ್ಬರು ನನ್ನ ಕಡೆ!

ಬಿ ಶಿಫ್ಟ್

ಸಂಬಳ ಇಲ್ಲದ ಮೆಸೇಜಿಗೆ ನಾನು ಉತ್ತರ ಕೊಡಲ್ಲ. ಸಿಟಿಸಿ ಬರೆದರೂ ನಂಬಲ್ಲ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೊಟ್ಟರೆ ಕೊಟ್ಟೆ ಅನ್ನುವ ಬೋನಸ್, ಎಲ್ಲ ಸೇರಿಸಿ ದಪ್ಪ ಮಾಡಿರುತ್ತಾರೆ. ಕೈಗೆ ತಿಂಗಳಿಗೆ ಎಷ್ಟು ಅಂತ ಹೇಳಿ. ನನ್ನ ಮನೆಯವಳು ಕೇಳೋದು ಅದನ್ನೇ.

ಹಳೇ ರಿಜಿಸ್ಟರ್

ಸಾಹುಕಾರ್ರು ಹೇಳಿದ್ದು ನನ್ನ ಅನುಭವಕ್ಕೂ ಬಂದಿದೆ, ಒಂದು ಸಲ ಕಂಪನಿಯೇ ಕೈತಪ್ಪಿತು. ಆಮೇಲೆ ನಾನು ಮೇಲಿನ ಅಂಕಿ ಬರೆಯೋದು ಬಿಟ್ಟೆ. ಕೆಳಗಿನ ಅಂಕಿ ಮಾತ್ರ ಬರೀತೀನಿ, ಅದೂ ಕೈಗೆ ಬರೋದು. ಏಳೂವರೆ ಲಕ್ಷ ಸಿಟಿಸಿ ಅಂದರೆ ಎಲ್ಲ ಕಳೆದು ಹತ್ತತ್ತಿರ 52 ಸಾವಿರ ಉಳಿಯಬಹುದು. ಬೇಸಿಕ್ ಎಷ್ಟು ಇಟ್ಟಿದ್ದಾರೆ ಅನ್ನೋದರ ಮೇಲೆ ಹೆಚ್ಚುಕಡಿಮೆ ಆಗುತ್ತೆ, ಎಚ್‌ಆರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. "ಕೈಗೆ 52ಕ್ಕಿಂತ ಕಡಿಮೆ ಇರಲ್ಲ" ಅಂದರೆ, ಈಗಾಗಲೇ 58 ತಗೊಳ್ಳುವವನು ಸುಮ್ಮನಾಗ್ತಾನೆ ಇಲ್ಲ ಕೇಳ್ತಾನೆ. ಇಬ್ಬರ ಸಮಯವೂ ಉಳಿಯುತ್ತೆ. ಇದು ಪೂರ್ತಿ ಪರಿಹಾರ ಅಂತ ನಾನು ಹೇಳಲ್ಲ.

ಈಗ ಮೊದಲ ಸಾಲಿನ ಮಾತು. ಇದನ್ನ ಹೊಸಬರು ಯೋಚಿಸೋದೇ ಇಲ್ಲ. ಸಿಸಿಆರ್‌ನಲ್ಲಿ ಮೊಬೈಲ್ ಎಲ್ಲಿರುತ್ತೆ?

ಬಿ ಶಿಫ್ಟ್

ಟೇಬಲ್ ಮೇಲೆ, ಮುಖ ಮೇಲಾಗಿ. ಬಾಜೂಗೆ ಶಿಫ್ಟ್ ಇನ್‌ಚಾರ್ಜ್ ನಿಂತಿರುತ್ತಾರೆ. ಒಂದು ಸಲ ನನ್ನ ಫೋನಿನ ಮೇಲೆ "ಕಿಲ್ನ್ ಆಪರೇಟರ್ ಅರ್ಜೆಂಟ್ ಓಪನಿಂಗ್" ಅಂತ ಬೆಳಗಿತು. ಅವರು ಓದಿದರು, ನಾನೂ ಓದಿದೆ, ಇಬ್ಬರೂ ಕಿಲ್ನ್ ಪರದೆ ಕಡೆ ನೋಡಿದೆವು. ಆ ವರ್ಷ ನನ್ನ ಇನ್‌ಕ್ರಿಮೆಂಟ್ ಕಡಿಮೆ ಬಂತು. ಅದಕ್ಕೇ ಅಂತ ಹೇಳೋಕಾಗಲ್ಲ. ಆದರೆ ಮನಸ್ಸಿನಲ್ಲಿ ಉಳಿದಿದೆ.

ಹಳೇ ರಿಜಿಸ್ಟರ್

ನೋಡಿ. ನೋಟಿಫಿಕೇಶನ್‌ನಲ್ಲಿ ಮೊದಲ ಒಂದೆರಡು ಸಾಲು ಕಾಣುತ್ತೆ. ಅದರಲ್ಲಿ ಕೆಲಸ, ಹುದ್ದೆ, ಸಂಬಳ ಯಾವುದೂ ಬರಬಾರದು. ನೀವು ಯಾರು, ಯಾರ ಮೂಲಕ ಬಂದಿರಿ, ಅಷ್ಟು ಸಾಕು. ಎ ಶಿಫ್ಟ್ ಬೆಳಿಗ್ಗೆ ಆರಕ್ಕೆ ಶುರುವಾಗಿ ಎರಡಕ್ಕೆ ಮುಗಿಯುತ್ತೆ, ಬಿ ರಾತ್ರಿ ಹತ್ತಕ್ಕೆ. ಆ ವಾರ ಅವನದು ಯಾವ ಶಿಫ್ಟ್ ಅಂತ ಗೊತ್ತಿದ್ದರೆ ಮುಗಿದು ಎರಡು ಗಂಟೆ ಆದ ಮೇಲೆ ಕಳಿಸಿ. ಗೊತ್ತಿಲ್ಲದಿದ್ದರೆ ಸಂಜೆ ಐದರ ಸುಮಾರಿಗೆ. ಕಂಪನಿ ಮೇಲ್‌ಗೆ, ಆಫೀಸ್ ನಂಬರಿಗೆ ಯಾವತ್ತೂ ಬೇಡ.

ಬಿದ್ರಿ

ವಿಷಯ ಮುಚ್ಚಿಟ್ಟರೆ ಮೋಸದ ಮೆಸೇಜ್ ಅನ್ನಿಸಲ್ವಾ? ಕೆಲಸ ಕೊಡಿಸ್ತೀವಿ ಅಂತ ರಿಜಿಸ್ಟ್ರೇಶನ್ ಫೀಸ್ ಕೇಳುವವರೂ ಹೀಗೇ ಶುರು ಮಾಡ್ತಾರೆ.

ಹಳೇ ರಿಜಿಸ್ಟರ್

ಅನ್ನಿಸಬಹುದು. ಅದಕ್ಕೇ ಮೊದಲ ಸಾಲಿನಲ್ಲಿ ಅವನಿಗೆ ಗೊತ್ತಿರುವ ಒಬ್ಬರ ಹೆಸರು ಇದ್ದರೆ ಒಳ್ಳೇದು, ಅವರನ್ನ ಕೇಳಿಯೇ ಹಾಕಬೇಕು. ನಂಬರ್ ಎಲ್ಲಿಂದ ಸಿಕ್ಕಿತು ಅಂತ ಅವನು ಕೇಳೋ ಮೊದಲೇ ಹೇಳಬೇಕು. ಕೊನೆಗೆ "ನಿಮ್ಮಿಂದ ಒಂದು ರೂಪಾಯಿ ಇಲ್ಲ, ನಮಗೆ ಕಂಪನಿ ಕೊಡುತ್ತೆ" ಅಂತ ಒಂದು ಸಾಲು. ಮುಚ್ಚಿಡೋದೇನಿದೆ? ಸಾಮಾನ್ಯವಾಗಿ ವರ್ಷದ ಸಿಟಿಸಿಯಲ್ಲಿ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು ಕಂಪನಿ ಕೊಡುತ್ತೆ. ಕೇಳಿದವರಿಗೆ ನಾನು ಅದನ್ನೂ ಹೇಳ್ತೀನಿ.

ರಿಂಗ್ ರೋಡ್ ಹುಡುಗಿ

ಆರು ಜನರಲ್ಲಿ ಒಬ್ಬರಿಗೆ ಬರೆದದ್ದು ಇಲ್ಲಿ ಹಾಕ್ತೀನಿ, ಹೆಸರು ಮತ್ತು ಜಾಗ ತೆಗೆದಿದ್ದೀನಿ. ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಗಟ್ಟಿಯಾಗಿ ಓದಿದಾಗ ಬ್ಯಾಂಕಿನ ಪತ್ರದ ಹಾಗಿತ್ತು. ಕನ್ನಡಕ್ಕೆ ಬಂದೆ.

"ನಮಸ್ಕಾರ ಸರ್, ನಾನು ಕಲಬುರಗಿಯಿಂದ. ನಿಮ್ಮ ಹಳೇ ಶಿಫ್ಟ್ ಇಂಜಿನಿಯರ್ ಇಂಥವರು ನಂಬರ್ ಕೊಟ್ಟರು, ಅವರ ಹೆಸರು ಹೇಳಬಹುದು ಅಂದಿದ್ದಾರೆ. ಅರ್ಜೆಂಟ್ ಏನಿಲ್ಲ, ಬಿಡುವಾದಾಗ ಓದಿ.

ನಾನು ಕಾರ್ಖಾನೆಗಳಿಗೆ ಜನ ಹುಡುಕುವ ಕೆಲಸ ಮಾಡ್ತೀನಿ. ನೀವು ಮೊದಲು ಪ್ರಿಹೀಟರ್ ಫೀಲ್ಡಿನಲ್ಲಿದ್ದು ಆಮೇಲೆ ಕಿಲ್ನ್ ಡೆಸ್ಕಿಗೆ ಬಂದವರು, ಕಸ ಫೀಡ್ ಆಗುವಾಗಲೂ ಕಿಲ್ನ್ ನಡೆಸಿದ್ದೀರಿ ಅಂತ ಅವರು ಹೇಳಿದರು. ಅದಕ್ಕೇ ನಿಮಗೆ ಬರೀತಿದ್ದೀನಿ.

ಸೇಡಂ ಕಡೆ ಒಂದು ಕಡೆ ಕಿಲ್ನ್ ಡೆಸ್ಕಿಗೆ ಇಬ್ಬರು ಬೇಕು. ಅಲ್ಲಿ ಕಸ ಉರಿಸೋದು ಹೊಸದು, ಜಾಮ್ ಜಾಸ್ತಿ ಆಗ್ತಿದೆ. ಬಂದವರು ಪ್ರೊಸೆಸ್ ಹೆಡ್ ಜೊತೆ ಕೂತು ಅದನ್ನ ಹದಕ್ಕೆ ತರಬೇಕು, ಮೊದಲ ಆರು ತಿಂಗಳು ಸುಲಭ ಇರಲ್ಲ. ಕೈಗೆ 52ಕ್ಕಿಂತ ಕಡಿಮೆ ಇರಲ್ಲ. ಕ್ವಾರ್ಟರ್ಸ್ ಇದೆ, ಮೂರು ತಿಂಗಳು ಕಾಯಬೇಕು. ಶಾಲೆ 10ನೇವರೆಗೆ.

ಕಂಪನಿ ಹೆಸರು ಬರೆಯೋಕೆ ಅನುಮತಿ ಇಲ್ಲ, ಫೋನಿನಲ್ಲಿ ಹೇಳ್ತೀನಿ. ನಿಮ್ಮಿಂದ ಹಣ ಏನೂ ಇಲ್ಲ. ಸಿವಿ ಈಗ ಬೇಡ. ಹತ್ತು ನಿಮಿಷ ಮಾತಾಡಬಹುದಾ? ಬೇಡ ಅಂದರೆ 'ಬೇಡ' ಅಂತ ಬರೆದರೆ ಸಾಕು, ಮತ್ತೆ ತೊಂದರೆ ಕೊಡಲ್ಲ."

ಬಿದ್ರಿ

ಉದ್ದ ಆಯ್ತು.

ಬಿ ಶಿಫ್ಟ್

ನನಗೆ ಬಂದಿದ್ದರೆ ಪೂರ್ತಿ ಓದ್ತಿದ್ದೆ. "ಸುಲಭ ಇರಲ್ಲ" ಅನ್ನುವ ಸಾಲಿನಲ್ಲಿ ನಿಂತೆ. ಯಾರೂ ಹೀಗೆ ಬರೆಯಲ್ಲ. ಒಂದು ಬಿಟ್ಟು ಹೋಗಿದೆ. ಎಷ್ಟು ಆಪರೇಟರ್ ಇದ್ದಾರೆ? ನಾಲ್ವರಿದ್ದರೆ ವಾರದ ರಜೆ ಸಿಗುತ್ತೆ. ಮೂವರೇ ಇದ್ದರೆ ಒಬ್ಬ ರಜೆ ಹಾಕಿದಾಗ ಇನ್ನೊಬ್ಬ 16 ಗಂಟೆ ಕೂರಬೇಕು. ಈ ಭಾಗದಲ್ಲಿ ಜನ ಕೆಲಸ ಬಿಡೋದು ಸಂಬಳಕ್ಕಿಂತ ಜಾಸ್ತಿ ಅದಕ್ಕೇ.

ಹಳೇ ರಿಜಿಸ್ಟರ್

ಇದು ನನಗೂ ಹೊಳೆದಿರಲಿಲ್ಲ. ಸೇರಿಸಿ. ಜಾಗಕ್ಕೆ ಶಾಲೆಯ ಸಾಲು ತೆಗೆಯಬಹುದು. ಆದರೆ ಅವರಿಗೆ ಮಕ್ಕಳಿದ್ದಾರೆ ಅಂತ ಗೊತ್ತಿದ್ದರೆ ತೆಗೀಬೇಡಿ. ಗೊತ್ತಿದ್ದೂ "ನಿಮ್ಮ ಮಗಳು ಎಂಟನೇ ಕ್ಲಾಸ್ ಅಲ್ವಾ" ಅಂತ ಮಾತ್ರ ಬರೀಬೇಡಿ. ಹುದ್ದೆಗೆ ಸಂಬಂಧವಿಲ್ಲದ ಮನೆ ವಿಷಯ ಗೊತ್ತಿರೋದನ್ನ ತೋರಿಸಿದರೆ ಹೆದರ್ತಾರೆ.

ತೊಗರಿ ಬ್ಯಾಳಿ

ಇದನ್ನ ಓದಿ ಇವತ್ತು ನನ್ನ ಹೊಸ ಸಾರ್ಟೆಕ್ಸ್ ಹುಡುಗನಿಗೆ "ಬೇಳೆ ಚಲೋ ಬಂದದ" ಅಂದೆ. ಅವನು ಗಾಬರಿಯಾಗಿ "ಯಾಕ್ರಿ ಸಾಹುಕಾರ, ಏನಾತು?" ಅಂದ.

ರಿಂಗ್ ರೋಡ್ ಹುಡುಗಿ

ಹತ್ತು ದಿನದ ಲೆಕ್ಕ. ನಾಲ್ವರು ಆಪರೇಟರ್ ಆಗ್ತಾರೆ, ವಾರದ ರಜೆ ಇದೆ ಅಂತ ಕೇಳಿ ತಿಳಿದು ಸೇರಿಸಿದೆ. ಆರು ಜನರಿಗೆ ಒಂದೊಂದಾಗಿ, ನಾಲ್ಕು ದಿನದಲ್ಲಿ ಕಳಿಸಿದೆ. ಎಲ್ಲರ ಎರಡನೇ ಪ್ಯಾರಾ ಬೇರೆ ಬೇರೆ. ಒಬ್ಬರ ಬಗ್ಗೆ ಎರಡು ಸಾಲು ಬರೆಯುವಷ್ಟೂ ನನಗೆ ಗೊತ್ತಿರಲಿಲ್ಲ, ಅವರಿಗೆ ಬರೆದ ಪ್ಯಾರಾ ಸಪ್ಪೆಯಾಗಿತ್ತು. ಅವರಿಂದ ಉತ್ತರ ಬರಲಿಲ್ಲ, ನೀಲಿ ಟಿಕ್ ಮಾತ್ರ.

ಒಬ್ಬರು "ಬೇಡ" ಅಂದರು, ಮಗಳ ಹತ್ತನೇ ಕ್ಲಾಸ್ ಮುಗಿಯಲಿ ಅಂದರು. ಮುಂದಿನ ಏಪ್ರಿಲ್‌ಗೆ ನೆನಪು ಮಾಡಿ ಅಂತ ಅವರೇ ಹೇಳಿದರು. ಒಬ್ಬರು ಈಗಾಗಲೇ 60 ಬರುತ್ತೆ ಅಂದರು, ಮಾತು ಅಲ್ಲಿಗೇ ನಿಂತಿದೆ. ಇಬ್ಬರು ಫೋನಿಗೆ ಒಪ್ಪಿದರು. ಆರನೆಯವರು ಇನ್ನೂ ತೆರೆದಿಲ್ಲ.

ಆ ಇಬ್ಬರಲ್ಲಿ ಒಬ್ಬರು ಯಾರು ಗೊತ್ತಾ? ಮೊದಲು ಫೋಟೋ ಕಳಿಸಿದವರ ಬಾಜೂ ಕುರ್ಚಿಯವರು. ಅವರಿಗೆ ಬರೆಯೋ ಮೊದಲು ಹಿಂದಿನ ಮೆಸೇಜಿಗೆ ಕ್ಷಮೆ ಕೇಳಿದೆ. ಉತ್ತರಕ್ಕೆ ಒಂದು ದಿನ ಹಿಡಿಯಿತು. "ಈ ಸಲ ಬಾಜೂದವನಿಗೆ ಕೇಳಿ ನೋಡಿದೆ, ಅವನಿಗೆ ಬಂದಿಲ್ಲ. ಐತವಾರ ಸಂಜಿಗೆ ಫೋನ್ ಮಾಡ್ರಿ" ಅಂತ ಬರೆದಿದ್ದರು.

ಬಿ ಶಿಫ್ಟ್

ಅಂದರೆ ಬಾಜೂದವನಿಗೆ ಈಗ ವಿಷಯ ಗೊತ್ತು.

ರಿಂಗ್ ರೋಡ್ ಹುಡುಗಿ

ಅಯ್ಯೋ. ಹೌದಲ್ವಾ.